ನಲವತ್ತು ಸೆಕೆಂಡಿನ ಕತೆ, ಕೊನೆಯ ಪದದ ತಿರುವು

ಈ ಕತೆಯನ್ನು ಪಕ್ಕದವರ ಕೈಯಲ್ಲಿ ಗಟ್ಟಿಯಾಗಿ ಓದಿಸಿ ಕೇಳಿ. ಇದು ಬರೆದಿರುವುದೇ ದನಿಗಾಗಿ.

"ಮೂರು ರಾತ್ರಿ ಸೀನ ಆ ಮನೆಯನ್ನು ಕಾದು ನೋಡಿದ್ದ. ಒಮ್ಮೆಯೂ ದೀಪ ಉರಿದಿರಲಿಲ್ಲ. ಮನೆ ಖಾಲಿ ಎಂದುಕೊಂಡ.

ನಾಲ್ಕನೇ ರಾತ್ರಿ ಹಿತ್ತಿಲ ಬಾಗಿಲು ಮೀಟಿ ಒಳಗೆ ಬಂದ. ಕಗ್ಗತ್ತಲು. ಗೋಡೆ ಸವರಿಕೊಂಡು ಹೊರಟ.

ಸರ್ರ್...

ಸೀನ ನಿಂತ. ಮತ್ತೆ... ಸರ್ರ್. ಯಾರೋ ಪುಟ ತಿರುಗಿಸುತ್ತಿದ್ದಾರೆ. ಈ ಕತ್ತಲಲ್ಲಿ ಓದುವವರು ಯಾರು?

ಸೀನನ ಕಾಲು ನಡುಗಿತು. ಕೈ ತಾಗಿ ಚೊಂಬು ಉರುಳಿತು. ಪುಟದ ಸದ್ದು ನಿಂತಿತು.

ಮೂಲೆಯಿಂದ ಅಜ್ಜಿಯೊಬ್ಬರ ದನಿ: ಯಾರಪ್ಪಾ ಅದು? ದೀಪ ಬೇಕಿದ್ದರೆ ಹಾಕಿಕೋ. ನಾನು ಓದೋದು... ಬೆರಳಲ್ಲಿ."

ಅಜ್ಜಿಗೆ ಕಣ್ಣು ಕಾಣುವುದಿಲ್ಲ. ಅವರು ಓದುತ್ತಿರುವುದು ಬ್ರೈಲ್ ಪುಸ್ತಕ. ಮೊಬೈಲ್ ವಿಡಿಯೋಗಳಲ್ಲಿ, ಪಾಡ್‌ಕಾಸ್ಟ್‌ಗಳಲ್ಲಿ ಕೇಳಿಬರುವ ಇಂಥ ಪುಟ್ಟ ರಹಸ್ಯ ಕತೆಗಳಿಗೆ ಅವುಗಳದ್ದೇ ಲೆಕ್ಕಾಚಾರವಿದೆ. ಸಣ್ಣಕತೆಯನ್ನು ಹಿಂಡಿ ಕಿರಿದು ಮಾಡಿದರೆ ಇದು ಹುಟ್ಟುವುದಿಲ್ಲ. ಕೊನೆಯ ಪದವನ್ನು ಮೊದಲು ಗೊತ್ತುಮಾಡಿಕೊಂಡು ಹಿಂದಕ್ಕೆ ಕಟ್ಟುತ್ತ ಬರಬೇಕು.

ಮೊದಲ ಲೆಕ್ಕ ಸಮಯದ್ದು. ಮೇಲಿನ ಕತೆಯಲ್ಲಿ, 'ಸರ್ರ್' ಸದ್ದನ್ನೂ ಸೇರಿಸಿ, 57 ಪದಗಳಿವೆ. ಕನ್ನಡದಲ್ಲಿ ವಿಭಕ್ತಿ, ಕಾಲ, ನಿಷೇಧ ಎಲ್ಲವೂ ಪದದ ಬಾಲಕ್ಕೇ ಅಂಟಿಕೊಳ್ಳುತ್ತವೆ. 'ತಿರುಗಿಸುತ್ತಿದ್ದಾರೆ' ಎಂಬ ಒಂದು ಪದ ಹೇಳಲು ಹಿಡಿಯುವ ಹೊತ್ತಿನಲ್ಲಿ 'ಆ', 'ಈ', 'ಮನೆ' ಮೂರೂ ಮುಗಿದಿರುತ್ತವೆ. ಹಾಗಾಗಿ ಪದ ಎಣಿಸಿದರೆ ಸಾಲದು, ಗಡಿಯಾರ ಹಿಡಿದು ಓದಬೇಕು. ಈ ಕತೆಯನ್ನು ಸಾವಧಾನವಾಗಿ ಓದಿದರೆ ಮಾತಿಗೆ ಸುಮಾರು 30 ಸೆಕೆಂಡು ಹಿಡಿಯುತ್ತದೆ. ಉಳಿದ ಹತ್ತು ಸೆಕೆಂಡು ಮೌನಕ್ಕೆ. ಮೊದಲ 'ಸರ್ರ್' ಆದ ಮೇಲೆ, ಚೊಂಬು ಉರುಳಿದ ಮೇಲೆ, 'ಬೆರಳಲ್ಲಿ' ಎನ್ನುವ ಮೊದಲು ಮತ್ತು ಆಮೇಲೆ ಆ ಮೌನ ಬೇಕೇ ಬೇಕು. 40 ಸೆಕೆಂಡಿಗೆ ಎಂದು ನೂರು ಪದ ಬರೆದುಕೊಟ್ಟರೆ ಓದುವವರು ಉಸಿರು ಬಿಡದೆ ಓಡುತ್ತಾರೆ. ಓಡುವ ದನಿಯಲ್ಲಿ ಭಯ ಹುಟ್ಟುವುದಿಲ್ಲ.

ಎರಡನೆಯದು ಸುಳಿವು. ಕೇಳುಗರನ್ನು ಬೆಚ್ಚಿಬೀಳಿಸುವುದಕ್ಕೂ ತುದಿಗಾಲಲ್ಲಿ ನಿಲ್ಲಿಸುವುದಕ್ಕೂ ಇರುವ ವ್ಯತ್ಯಾಸವನ್ನು ಚಿತ್ರನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್, ಫ್ರೆಂಚ್ ನಿರ್ದೇಶಕ ತ್ರುಫೋ ಜತೆಗಿನ ಸಂದರ್ಶನದಲ್ಲಿ ವಿವರಿಸಿದ್ದರು. ಮೇಜಿನ ಕೆಳಗಿನ ಬಾಂಬು ಇದ್ದಕ್ಕಿದ್ದಂತೆ ಸಿಡಿದರೆ ಕೆಲವು ಸೆಕೆಂಡಿನ ಬೆರಗು. ಬಾಂಬು ಇದೆಯೆಂದು ಪ್ರೇಕ್ಷಕರಿಗೆ ಮೊದಲೇ ಗೊತ್ತಿದ್ದರೆ, ಮೇಜಿನ ಸುತ್ತ ಕೂತವರ ಸಾಮಾನ್ಯ ಹರಟೆಯೂ ಎದೆ ನಡುಗಿಸುತ್ತದೆ. ನಮ್ಮ ಪುಟ್ಟ ಕತೆಗೆ ಎರಡೂ ಬೇಕು: ನಡುವೆ ಕಾತರ, ಕೊನೆಯಲ್ಲಿ ಬೆರಗು. ಕತ್ತಲಲ್ಲಿ ಯಾರೋ ಓದುತ್ತಿದ್ದಾರೆಂಬುದು ಕಾತರ. ಅದಕ್ಕೆ ಸಿಗುವ ಉತ್ತರ ಬೆರಗು.

ಆ ಉತ್ತರ ಕೊನೆಯಲ್ಲಿ ಹೊರಗಿನಿಂದ ಬಂದು ಬೀಳಬಾರದು. 'ಒಮ್ಮೆಯೂ ದೀಪ ಉರಿದಿರಲಿಲ್ಲ' ಎಂಬ ಎರಡನೇ ವಾಕ್ಯದಲ್ಲೇ ಅದು ಕೂತಿದೆ. ಸೀನನಿಗೆ ಆ ಮಾತಿನ ಅರ್ಥ ಮನೆ ಖಾಲಿ ಎಂದು. ಕತೆ ಮುಗಿದ ಮೇಲೆ ಅದೇ ಮಾತಿಗೆ ಇನ್ನೊಂದು ಅರ್ಥ: ಆ ಮನೆಯವರಿಗೆ ದೀಪದ ಅಗತ್ಯವೇ ಇರಲಿಲ್ಲ. ಕಳ್ಳನನ್ನು ಒಳಗೆ ಕರೆತಂದ ಕಾರಣವೇ ರಹಸ್ಯದ ಕೀಲಿಕೈ ಆದ್ದರಿಂದ ಸುಳಿವಿಗೆಂದು ಬೇರೆ ವಾಕ್ಯ ಖರ್ಚಾಗಲಿಲ್ಲ. ಎಲ್ಲವೂ ಕನಸಾಗಿತ್ತು ಎಂದೋ, ಅಜ್ಜಿ ತೀರಿಕೊಂಡು ವರ್ಷವಾಗಿತ್ತು ಎಂದೋ ಮುಗಿಸಬಹುದಿತ್ತು. ಆಗ ಮೊದಲ ವಾಕ್ಯಗಳಿಗೆ ಹೊಸ ಅರ್ಥ ಬರುತ್ತಿರಲಿಲ್ಲ, ಅವು ಸುಮ್ಮನೆ ವ್ಯರ್ಥವಾಗುತ್ತಿದ್ದವು.

ಬಚ್ಚಿಡಬಹುದು, ಸುಳ್ಳು ಹೇಳಬಾರದು. ಕತೆ ಹೇಳುವ ದನಿ 'ಮನೆ ಖಾಲಿ ಇತ್ತು' ಎಂದಿದ್ದರೆ ಅದು ಮೋಸ. 'ಖಾಲಿ ಎಂದುಕೊಂಡ' ಎಂದರೆ ತಪ್ಪು ಸೀನನದ್ದಾಗುತ್ತದೆ, ಕತೆಯ ಮಾತು ನಿಜವಾಗಿಯೇ ಉಳಿಯುತ್ತದೆ. ಇಲ್ಲಿ ಕನ್ನಡದ ಕ್ರಿಯಾಪದ ಒಂದು ತೊಡಕನ್ನೂ ಒಡ್ಡುತ್ತದೆ. ಬಂದ, ಬಂದಳು ಎಂದ ಕೂಡಲೇ ಗಂಡೋ ಹೆಣ್ಣೋ ಬಯಲಾಗುತ್ತದೆ. ಅದಕ್ಕೇ ಪುಟ ತಿರುಗಿಸುವವರನ್ನು 'ಯಾರೋ... ತಿರುಗಿಸುತ್ತಿದ್ದಾರೆ' ಎಂದು ಬಹುವಚನದ ಮರೆಯಲ್ಲಿ ಇರಿಸಿದ್ದು. ಗೊತ್ತಿಲ್ಲದವರ ಬಗ್ಗೆ ನಾವು ಮಾತಾಡುವುದೇ ಹಾಗೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಮೂರನೆಯದು ಕಿವಿಯ ಲೆಕ್ಕ. ಓದುಗರು ಹಿಂದಿನ ಸಾಲಿಗೆ ಮರಳಬಲ್ಲರು; ಕೇಳುಗರಿಗೆ ಮಾತು ದಾಟಿದರೆ ದಾಟಿತು. ಎರಡನೇ ವಾಕ್ಯವನ್ನು 'ದೀಪ ಹತ್ತಿರಲಿಲ್ಲ' ಎಂದೂ ಬರೆಯಬಹುದಿತ್ತು. ಕಾಗದದ ಮೇಲೆ ಅದು ಸರಿ. ಕಿವಿಗೆ ಮಾತ್ರ ದೀಪ ಸಮೀಪದಲ್ಲಿ ಇರಲಿಲ್ಲ ಎಂದೂ ಕೇಳೀತು. ಇಡೀ ಕತೆ ಯಾವ ವಾಕ್ಯದ ಮೇಲೆ ನಿಂತಿದೆಯೋ ಅದೇ ಮಸುಕಾದರೆ ತಿರುವು ಕುಸಿಯುತ್ತದೆ.

ಉದ್ಧರಣ ಚಿಹ್ನೆಯೂ ಕೇಳಿಸುವುದಿಲ್ಲ. ಬರಹದಲ್ಲಿ ಮಾತಿನ ನಂತರ 'ಎಂದರು ಅಜ್ಜಿ' ಎಂದು ಸೇರಿಸುವುದು ರೂಢಿ. ಇಲ್ಲಿ ಹಾಗೆ ಮಾಡಿದರೆ ತಿರುವಿನ ಮೇಲೆ ಎರಡು ಸಪ್ಪೆ ಪದ ಬಂದು ಕೂರುತ್ತವೆ. ಆದ್ದರಿಂದ ಮಾತಾಡುವವರು ಯಾರೆಂದು ಮೊದಲೇ ಹೇಳಿಬಿಡಬೇಕು. 'ನಾನು ಬೆರಳಲ್ಲಿ ಓದೋದು' ಎಂದರೂ ಅರ್ಥ ಅದೇ, ಆದರೆ ಗುಟ್ಟು ವಾಕ್ಯದ ನಡುವೆಯೇ ಸೋರಿಹೋಗುತ್ತದೆ. ನಮ್ಮ ಆಡುಮಾತು ಪದಗಳನ್ನು ಹಿಂದುಮುಂದು ಮಾಡಲು ಧಾರಾಳವಾಗಿ ಬಿಡುತ್ತದೆ. ಆ ಸಲಿಗೆಯಿಂದಲೇ 'ಬೆರಳಲ್ಲಿ' ಕೊನೆಗೆ ಬಂತು.

ದನಿ ಕೊಡುವವರ ಪಾತ್ರವೂ ದೊಡ್ಡದು. ಸುಳಿವಿನ ವಾಕ್ಯವನ್ನು ಒತ್ತಿ ಓದಿದರೆ ಗುಟ್ಟು ಅಲ್ಲೇ ರಟ್ಟಾಗುತ್ತದೆ. ಅದನ್ನು ಮಾಮೂಲಿ ಮಾತಿನಂತೆ ದಾಟಿಸಬೇಕು. ಅಜ್ಜಿಯ ದನಿಯನ್ನು ದೆವ್ವದ ದನಿ ಮಾಡಬಾರದು. ಮೊಮ್ಮಗನಿಗೆ ಹೇಳಿದಷ್ಟು ಸಹಜವಾಗಿದ್ದರೆ ಭಯ ಒಮ್ಮೆಲೇ ಕಳಚಿ ತಿರುವು ಹೊಳೆಯುತ್ತದೆ. ಪುಟದ ಸದ್ದನ್ನು ನಿಜವಾಗಿ ಸೇರಿಸುವುದಾದರೆ ದಪ್ಪ ಕಾಗದದ್ದೇ ಇರಲಿ. ಬ್ರೈಲಿನ ಉಬ್ಬು ಚುಕ್ಕಿಗಳು ನಿಲ್ಲಲು ಕಾಗದ ದಪ್ಪವಿರಬೇಕು, ಹಾಗಾಗಿ ಸದ್ದೂ ಒಂದು ಸುಳಿವೇ.

'ಬೆರಳಲ್ಲಿ' ಎಂದ ಮೇಲೆ ಕೇಳುಗರು ಬೆರಳಿನಿಂದ ಕಣ್ಣಿಗೆ, ಕಣ್ಣಿನಿಂದ ದೀಪಕ್ಕೆ ಮನಸ್ಸಿನಲ್ಲೇ ಹಿಂದೆ ಹೋಗಬೇಕು. ಅದಕ್ಕೆ ಎರಡು ಸೆಕೆಂಡು ಹಿಡಿಯುತ್ತದೆ. ಆ ಹೊತ್ತಿನಲ್ಲಿ 'ಹೌದು, ಅಜ್ಜಿ ಕುರುಡಿಯಾಗಿದ್ದರು' ಎಂದು ವಿವರಿಸಿದರೆ, ಅವರು ತಾವೇ ಕಂಡುಕೊಳ್ಳಬೇಕಿದ್ದುದನ್ನು ಕಸಿದುಕೊಂಡಂತೆ. ಸೀನ ಓಡಿಹೋದನೇ, ಪಶ್ಚಾತ್ತಾಪಪಟ್ಟನೇ ಎಂಬುದೂ ಈ ಕತೆಗೆ ಸೇರಿದ್ದಲ್ಲ.

ಇಂಥದ್ದೊಂದನ್ನು ಬರೆದಾಗ ಕತೆ ಗೊತ್ತಿಲ್ಲದವರಿಗೆ ಒಮ್ಮೆ ಮಾತ್ರ ಓದಿ ಹೇಳಿ, ಏನಾಯಿತೆಂದು ಕೇಳಿ. 'ಮೊದಲೇ ಗೊತ್ತಾಯ್ತು' ಎಂದರೆ ಎಲ್ಲಿ ಗೊತ್ತಾಯಿತೆಂದು ವಿಚಾರಿಸಿ. ಅವರು ತೋರಿಸುವ ವಾಕ್ಯದಲ್ಲಿ ಸುಳಿವು ಹೆಚ್ಚಾಗಿದೆ. 'ಅರ್ಥವಾಗಲಿಲ್ಲ' ಎಂದರೆ ಸುಳಿವು ಕಿವಿಗೆ ಬಿದ್ದಿಲ್ಲ. ಆಗ ಕೊನೆಗೆ ವಿವರಣೆ ಸೇರಿಸುವ ಬದಲು ಸುಳಿವಿನ ವಾಕ್ಯವನ್ನೇ ಇನ್ನಷ್ಟು ತಿಳಿಯಾಗಿಸಿ. 'ಹೌದಾ? ಇನ್ನೊಮ್ಮೆ ಓದಿ' ಎಂದರೆ ಒಂದು ಅಕ್ಷರವನ್ನೂ ಬದಲಿಸಬೇಡಿ.