ಕಾಲಡಿಯಲ್ಲಿ ಇಲ್ಲದ ಬ್ರೇಕು

ಪರಿಚಯದ ಯುವಕನೊಬ್ಬ ತನ್ನ ಚಿತ್ರಕಥೆಯ ಒಂದು ಸೀನನ್ನು ಓದಲು ಕೊಟ್ಟಿದ್ದ. ನಿವೃತ್ತ ಬಸ್ ಡ್ರೈವರ್ ಅಪ್ಪ, ಹೊಸ ಕಾರು ಕೊಂಡ ಮಗ. ತುಮಕೂರಿನಿಂದ ಶಿವಮೊಗ್ಗಕ್ಕೆ ಹೊರಟಿದ್ದಾರೆ. ಒಂದೂಕಾಲು ಪುಟದ ಸೀನು. ಒಂದು ಪುಟಕ್ಕೆ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬ ರೂಢಿಯ ಲೆಕ್ಕ ಹಿಡಿದರೆ ಎಪ್ಪತ್ತೈದು ಸೆಕೆಂಡು. ಅದರಲ್ಲಿ ಹದಿನಾಲ್ಕು ಮಾತುಗಳಿದ್ದವು. ನಡುವಿನ ಮೂರು ಹೀಗಿದ್ದವು:

“ಅಪ್ಪ, ನಿನಗೆ ನನ್ನ ಡ್ರೈವಿಂಗ್ ಮೇಲೆ ನಂಬಿಕೆ ಇಲ್ಲ.”

“ಮೂವತ್ತು ವರ್ಷ ಬಸ್ ಓಡಿಸಿದವನು ನಾನು. ಈಗ ಯಾರಿಗೂ ಬೇಡದವನಾಗಿದ್ದೀನಿ.”

“ಹಾಗನ್ನಬೇಡ ಅಪ್ಪ. ನನಗೆ ನೀನು ಯಾವತ್ತೂ ಬೇಕು.”

ಇಂಥ ಸೀನು ಕೈಗೆ ಬಂದಾಗ ನಾನು ಮೊದಲು ಮಾಡುವುದು ಮಾತುಗಳ ಮೇಲೆ ಹಾಳೆ ಮುಚ್ಚಿ ಬರೀ ವಿವರಣೆಯನ್ನು ಓದುವುದು. ಇಲ್ಲಿ ಉಳಿದದ್ದು ಎರಡೇ ಸಾಲು. ‘ಕಾರು ಹೆದ್ದಾರಿಯಲ್ಲಿ ಸಾಗುತ್ತಿದೆ’ ಮತ್ತು ‘ಅಪ್ಪನ ಮನಸ್ಸಿನಲ್ಲಿ ಹಳೆಯ ನೆನಪುಗಳು ಸುಳಿಯುತ್ತವೆ’. ಮೊದಲನೆಯದರಲ್ಲಿ ಏನೂ ನಡೆಯುವುದಿಲ್ಲ, ಎರಡನೆಯದನ್ನು ಕ್ಯಾಮೆರಾ ಹಿಡಿಯಲಾರದು. ಆಮೇಲೆ ತಿರುವುಮುರುವು ಮಾಡಿ, ವಿವರಣೆ ಮುಚ್ಚಿ ಮಾತು ಮಾತ್ರ ಓದಿದೆ. ಕಥೆ ಪೂರ್ತಿ ಅರ್ಥವಾಯಿತು. ಅಂದರೆ ಇದು ರೇಡಿಯೋ ನಾಟಕ; ಕಾರು ಬಾಡಿಗೆ, ಡೀಸೆಲ್ಲು, ಕ್ಯಾಮೆರಾ ಎಲ್ಲ ದಂಡ.

ಹುಡುಗನದೇ ತಪ್ಪು ಎನ್ನಲಾರೆ. ನಮ್ಮಲ್ಲಿ ಕಥೆ ಬಹಳಷ್ಟು ಸಲ ನಿರ್ಮಾಪಕರಿಗೆ ಮಾರಾಟವಾಗುವುದು ನರೇಷನ್‌ನಲ್ಲಿ, ಬಾಯಲ್ಲಿ ಹೇಳಿ. ಹೇಳುವಾಗ ಖಡಕ್ ಡೈಲಾಗು ಮಿಂಚುತ್ತದೆ. ಒಂದು ನೋಟ, ಒಂದು ಕೈ ಚಲನೆ ಮಿಂಚುವುದಿಲ್ಲ. ಆ ಅಭ್ಯಾಸ ಹಾಳೆಗೂ ಇಳಿಯುತ್ತದೆ.

“ಡ್ರೈವರ್ ಆಗಿದ್ದವನು ಇನ್ನೊಬ್ಬರ ಪಕ್ಕ ಕೂತಾಗ ಏನು ಮಾಡ್ತಾನೆ?” ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, “ನಮ್ಮ ಮಾವ ಕಾಲು ಒತ್ತುತ್ತಾರೆ ಸಾರ್, ಅಲ್ಲಿ ಬ್ರೇಕ್ ಇದ್ದ ಹಾಗೆ” ಎಂದ. ಸೀನು ಸಿಕ್ಕಿತು.

ತಿದ್ದಿದ ಮೇಲೆ ಅದು ಹೀಗಾಯಿತು. ಮುಂದೆ ಲಾರಿಯೊಂದು ನಿಧಾನವಾಗುತ್ತದೆ. ಮಗ ಬ್ರೇಕ್ ಹಾಕುವ ಮೊದಲೇ ಅಪ್ಪನ ಬಲಗಾಲು ನೆಲವನ್ನು ಒತ್ತುತ್ತದೆ. ಮಗ ಓರೆಗಣ್ಣಲ್ಲಿ ನೋಡುತ್ತಾನೆ, ಏನೂ ಅನ್ನುವುದಿಲ್ಲ. ಮೂವತ್ತು ವರ್ಷದ ಸರ್ವಿಸ್ಸು ಪ್ರೇಕ್ಷಕನಿಗೆ ತಿಳಿಯಬೇಕಲ್ಲ? ತಿಪಟೂರಿನ ಆಚೆ ಟೀ ಅಂಗಡಿಯ ಮುಂದೆ ಹಾದು ಹೋಗುವ ಕೆಂಪು ಬಸ್ಸಿನ ಡ್ರೈವರ್ ಅಪ್ಪನನ್ನು ಕಂಡು ಹಾರ್ನ್ ಹೊಡೆದು ಕೈ ಎತ್ತುತ್ತಾನೆ. ಅಷ್ಟು ಸಾಕು. ಮಗ ಲೋಟ ಕೆಳಗಿಟ್ಟು ಕೀ ಚಾಚುತ್ತಾನೆ.

“ನಂಗೆ ಕಣ್ಣು ಎಳೀತಿದೆ ಅಪ್ಪ. ಸ್ವಲ್ಪ ದೂರ ನೀನೇ ಓಡ್ಸು.”

ಈಗಷ್ಟೇ ಟೀ ಕುಡಿದವನಿಗೆ ಎಂಥ ನಿದ್ದೆ? ಅದು ಸುಳ್ಳೆಂದು ಪ್ರೇಕ್ಷಕನಿಗೆ ಗೊತ್ತು, ಅಪ್ಪನಿಗೂ ಗೊತ್ತು. ಹೇಳಿದ್ದು ಒಂದು, ಅರ್ಥ ಇನ್ನೊಂದು. ಆ ನಡುವಿನ ಜಾಗದಲ್ಲೇ ನೋಡುವವನಿಗೆ ಕೆಲಸ ಇರುವುದು. ಅಪ್ಪ ಪಂಚೆಗೆ ಅಂಗೈ ಒರೆಸಿಕೊಂಡು ಸ್ಟಿಯರಿಂಗ್ ಹಿಂದೆ ಕೂರುತ್ತಾನೆ, ಕನ್ನಡಿ ಸರಿಮಾಡುತ್ತಾನೆ.

“ಸೀಟು ತುಂಬಾ ಹಿಂದಿದೆ.”

ಮಾತನ್ನು ಕಿತ್ತುಹಾಕಿದವರು ಬೀಳುವ ಇನ್ನೊಂದು ಹಳ್ಳವಿದೆ. ಹುಡುಗನ ನಡುವಿನ ಒಂದು ಕರಡಿನಲ್ಲಿ ಅಪ್ಪನ ದುಃಖಕ್ಕೆ ರಸ್ತೆಬದಿಯ ಒಣಮರ ಬಂದಿತ್ತು. ಒಣಮರ, ಒಡೆದ ಗಾಜು, ಸಮಯಕ್ಕೆ ಸರಿಯಾಗಿ ಸುರಿಯುವ ಮಳೆ, ಇವೂ ‘ನನಗೆ ದುಃಖವಾಗಿದೆ’ ಎಂದು ಕೂಗುವ ಡೈಲಾಗುಗಳೇ. ಒತ್ತುವ ಕಾಲು ಹಾಗಲ್ಲ, ಅದು ಆ ಮನುಷ್ಯನ ಬದುಕಿನಿಂದಲೇ ಬಂದದ್ದು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ (1977) ಕೊನೆಯಲ್ಲಿ ತಲೆ ಬೋಳಿಸಿ ಮರದಡಿ ಕೂರಿಸಿದ ಯಮುನೆಯನ್ನು ಹುಡುಗ ನಾಣಿ ಕಾಣುತ್ತಾನಲ್ಲ, ಆ ಬೋಳು ತಲೆ ಯಾರೋ ತಂದಿಟ್ಟ ಸಂಕೇತವಲ್ಲ. ಆ ಊರು ಅವಳಿಗೆ ಮಾಡಿದ್ದೇ ಅದು.

ಹಾಗಂತ ನೇರ ಮಾತೇ ಕೂಡದು ಎಂದಲ್ಲ. ಎರಡು ಗಂಟೆ ತುಟಿ ಬಿಗಿಹಿಡಿದವನು ಕೊನೆಗೊಮ್ಮೆ ‘ನೋವಾಗುತ್ತೆ ಕಣೋ’ ಎಂದರೆ ಆ ಮಾತಿಗೆ ತೂಕವಿದೆ. ಇಪ್ಪತ್ತನೇ ನಿಮಿಷಕ್ಕೇ ಅಂದರೆ ಆಮೇಲೆ ಹೇಳಲು ಅವನಲ್ಲಿ ಏನೂ ಉಳಿದಿರುವುದಿಲ್ಲ.

ಕೊನೆಗೆ ಹುಡುಗ ಒಂದು ಸಾಲು ಸೇರಿಸಲೇ ಎಂದು ಕೇಳಿದ. ಕಾರು ಹೊರಟ ಮೇಲೆ ಅಪ್ಪ “ಥ್ಯಾಂಕ್ಸ್ ಮಗನೇ” ಅನ್ನಬೇಕಂತೆ. ನಾನು ಹೊಡೆದುಹಾಕಿದೆ. ಈಗ ಆ ಸೀನಿನಲ್ಲಿ ಅಪ್ಪ ಓಡಿಸುತ್ತಿದ್ದಾನೆ, ಪಕ್ಕದ ಸೀಟಿನಲ್ಲಿ ಮಗನ ಕಣ್ಣು ತೆರೆದೇ ಇದೆ, ಮಾತುಗಳು ಹದಿನಾಲ್ಕರಿಂದ ಎರಡಕ್ಕೆ ಇಳಿದಿವೆ.