ನಡೆಯದ ಟೆಸ್ಟಿನ ಅಂಕ ಎಲ್ಲಿಗೆ ಹೋಗಬೇಕು?

"ಬರೀಲಾರದ ಪರೀಕ್ಷೆಕ್ಕ ಮಾರ್ಕ್ಸ್ ಹ್ಯಾಂಗ ಹಾಕೀರಿ ಮೇಡಂ? ನಮ್ಮ ಹುಡುಗಿಗೆ ಅನ್ಯಾಯ ಆಗೇದ್ರಿ."

ಮುದ್ದೇಬಿಹಾಳದಿಂದ ಒಬ್ಬ ತಂದೆ ಫೋನ್ ಮಾಡಿ ಹೀಗೆ ಕೇಳಿದಾಗ ನನಗೆ ಮೊದಲು ಸಿಟ್ಟೇ ಬಂತು. ಆಮೇಲೆ ಲೆಕ್ಕ ಹಾಕಿ ನೋಡಿದೆ. ತಪ್ಪು ನನ್ನದೇ ಆಗಿತ್ತು.

ನಾನು ಇಂಡಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಆ ವರ್ಷ ನೂರು ಅಂಕಗಳನ್ನು ನಾವು ಹೀಗೆ ಹಂಚಿದ್ದೆವು: ಎರಡು ಟೆಸ್ಟಿಗೆ ತಲಾ 20, ಪ್ರಾಜೆಕ್ಟಿಗೆ 10, ವಾರ್ಷಿಕ ಪರೀಕ್ಷೆಗೆ 50. ಜೋರು ಮಳೆಯಿಂದ ರಜೆ ಬಿದ್ದು ಎರಡನೇ ಟೆಸ್ಟ್ ಇಡೀ ತರಗತಿಗೆ ರದ್ದಾಯಿತು. ಉಳಿದದ್ದು 80 ಅಂಕ. ನಾನು ಸುಲಭದ ದಾರಿ ಹಿಡಿದೆ: 'ಟೆಸ್ಟಿಗೆ ಟೆಸ್ಟೇ ಸಮ' ಅಂತ ಮೊದಲ ಟೆಸ್ಟಿನ ಅಂಕವನ್ನು ಎರಡು ಪಟ್ಟು ಮಾಡಿದೆ.

ಮುದ್ದೇಬಿಹಾಳದ ಹುಡುಗಿ ತಡವಾಗಿ ಸೇರಿದ್ದಳು. ಮೊದಲ ಟೆಸ್ಟಿನಲ್ಲಿ ಅವಳಿಗೆ ಬಂದದ್ದು 12. ಪ್ರಾಜೆಕ್ಟಿನಲ್ಲಿ 9, ವಾರ್ಷಿಕದಲ್ಲಿ 40 ತೆಗೆದಳು. ಬಸವನ ಬಾಗೇವಾಡಿಯ ಇನ್ನೊಬ್ಬಳಿಗೆ ಕ್ರಮವಾಗಿ 17, 9, 35. ಇಬ್ಬರದೂ 80ಕ್ಕೆ 61. ಆದರೆ ನನ್ನ ಲೆಕ್ಕದಲ್ಲಿ ಮೊದಲಿನವಳಿಗೆ 73, ಎರಡನೆಯವಳಿಗೆ 78 ಬಂತು. ತರಗತಿಯ ಮೊದಲ ಬಹುಮಾನ ಬಾಗೇವಾಡಿಯವಳ ಪಾಲಾಯಿತು.

ಅದೇ 20 ಅಂಕವನ್ನು ವಾರ್ಷಿಕ ಪರೀಕ್ಷೆಗೆ ಸೇರಿಸಿದ್ದರೆ? 50ರ ಪರೀಕ್ಷೆ 70ರದಾಗುತ್ತಿತ್ತು. ಮುದ್ದೇಬಿಹಾಳದವಳಿಗೆ 77, ಬಾಗೇವಾಡಿಯವಳಿಗೆ 75. ಫಲಿತಾಂಶವೇ ತಿರುಗಾಮುರುಗಾ! ಹುಡುಗಿಯರು ಬರೆದದ್ದು ಬದಲಾಗಿಲ್ಲ, ಅಂಕ ಹೋಗಿ ಸೇರಿದ ಜಾಗ ಮಾತ್ರ ಬದಲಾಯಿತು.

ಯಾರ ಕಡೆಗೂ ವಾಲದ ದಾರಿ ಒಂದಿದೆ. ಬಂದ ಅಂಕವನ್ನು 80ರಿಂದ ಭಾಗಿಸಿ 100ರಿಂದ ಗುಣಿಸುವುದು. ಆಗ ಇಬ್ಬರಿಗೂ 76.25. ಇದರಲ್ಲಿ ಟೆಸ್ಟು, ಪ್ರಾಜೆಕ್ಟು, ವಾರ್ಷಿಕ ಮೂರೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ.

"ಎಲ್ಲಾರಿಗೂ ಇಪ್ಪತ್ತು ಕೊಟ್ಟಬಿಡ್ರಿ, ಜಗಳಾನ ಇಲ್ಲ" ಅಂದರು ಸಹೋದ್ಯೋಗಿಯೊಬ್ಬರು. ಹಾಗೆ ಮಾಡಿದರೆ ಕ್ರಮಾಂಕ ಕೆಡುವುದಿಲ್ಲ, ನಿಜ. ಆದರೆ 80ಕ್ಕೆ 24 ತೆಗೆದ ಮಗುವಿಗೆ ಸರಿಯಾದ ಲೆಕ್ಕದಲ್ಲಿ ಬರುವುದು 30. ಪುಕ್ಕಟೆ 20 ಕೊಟ್ಟರೆ 44 ಆಗುತ್ತದೆ. 35ಕ್ಕೆ ಪಾಸು ಅನ್ನುವ ಕಡೆ, ಆ ಮಗುವಿಗೆ ಪಾಠ ಅರ್ಥವಾಗಿಲ್ಲ ಅನ್ನುವ ಸಂಗತಿಯೇ ಮುಚ್ಚಿಹೋಗುತ್ತದೆ.

ಸಮವಾಗಿ ಹಿಗ್ಗಿಸುವುದಕ್ಕೂ ಮಿತಿ ಇದೆ. ರದ್ದಾದದ್ದೇ ದೊಡ್ಡ ಪರೀಕ್ಷೆಯಾದರೆ ಹಿಗ್ಗಿಸಲು ಉಳಿಯುವುದೇನು? 2021ರಲ್ಲಿ ಕೊರೋನಾದಿಂದ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾದಾಗ ನಮ್ಮ ರಾಜ್ಯಕ್ಕೆ ಎದುರಾದದ್ದು ಇದೇ ಪ್ರಶ್ನೆ. ಆ ವರ್ಷದ್ದೆಂದು ಉಳಿದದ್ದು ಆಂತರಿಕ ಅಂಕ ಮಾತ್ರ. ಹಾಗಾಗಿ ಎಸ್ಸೆಸ್ಸೆಲ್ಸಿಗೆ ಶೇ. 45, ಪ್ರಥಮ ಪಿಯುಸಿಗೆ ಶೇ. 45, ಆಂತರಿಕ ಅಂಕಕ್ಕೆ ಶೇ. 10 ಎಂದು ಹಳೆಯ ವರ್ಷಗಳಿಂದ ಸಾಲ ತಂದರು. ಮೂರರಲ್ಲಿ ಕ್ರಮವಾಗಿ ಶೇ. 90, 70, 100 ಇದ್ದ ಮಗುವಿಗೆ 40.5, 31.5, 10 ಸೇರಿ 82 ಬರುತ್ತದೆ. ಎಲ್ಲರೂ ಪಾಸಾದರು.

ಒಂದೇ ಬ್ಯಾಚಿನೊಳಗೆ ಇದು ನಡೆಯಿತು. ಆ ವರ್ಷ ಸಿಇಟಿ ರ‍್ಯಾಂಕಿಗೆ ಪಿಯು ಅಂಕ ಹಿಡಿಯದೆ ಸಿಇಟಿ ಅಂಕವನ್ನಷ್ಟೇ ನೋಡಿದರು. ತೊಡಕು ಬಂದದ್ದು 2022ರಲ್ಲಿ. 2021ರವರು ಮತ್ತೆ ಸಿಇಟಿ ಬರೆದು, ಪರೀಕ್ಷೆ ಬರೆದೇ ಅಂಕ ಪಡೆದ ಹೊಸಬರ ಪಕ್ಕ ನಿಂತರು. ಹಳಬರ ಪಿಯು ಅಂಕ ಬೇಡವೆಂದು ಪರೀಕ್ಷಾ ಪ್ರಾಧಿಕಾರ ಹೇಳಿತು, ವಿದ್ಯಾರ್ಥಿಗಳು ಹೈಕೋರ್ಟಿಗೆ ಹೋದರು. ಕೊನೆಗೆ 2021ರವರ ಪಿಯು ಅಂಕದಲ್ಲಿ ನೂರಕ್ಕೆ ಸರಾಸರಿ 6 ಕಳೆದು, ಉಳಿದದ್ದನ್ನು ಸಿಇಟಿ ಅಂಕದ ಜೊತೆ ಸೇರಿಸುವ ಸೂತ್ರಕ್ಕೆ ಕೋರ್ಟು ಒಪ್ಪಿತು. ಎರಡು ಬೇರೆ ಅಳತೆಗೋಲಿನ ಅಂಕಗಳನ್ನು ಹಾಗೇ ಪಕ್ಕಪಕ್ಕ ಇಡಬಾರದು ಅನ್ನುವುದು ಇದರ ಸಾರ.

ಇನ್ನು ನನ್ನ ತರಗತಿ. ಪಟ್ಟಿ ತಿದ್ದಿ ಇಬ್ಬರಿಗೂ ಬಹುಮಾನ ಹಂಚಿದೆವು. ಬಾಗೇವಾಡಿಯ ತಾಯಿ, "ಕೊಟ್ಟದ್ದು ಕಸ್ಕೊಂಡಂಗ ಆತಲ್ರಿ ಮೇಡಂ" ಅಂದರು. ನನ್ನ ಬಳಿ ಉತ್ತರ ಇರಲಿಲ್ಲ. ಅಂಕಗಳು ಕಣ್ಣೆದುರು ಬಂದ ಮೇಲೆ ಯಾವ ಸೂತ್ರ ಹಿಡಿದರೂ ಒಬ್ಬರಿಗೆ ಬೇಕೆಂದೇ ಮಾಡಿದಂತೆ ಕಾಣುತ್ತದೆ.

ಅದಕ್ಕೇ ಈಗ ಟೆಸ್ಟ್ ರದ್ದಾದ ವಾರವೇ, ವಾರ್ಷಿಕ ಪರೀಕ್ಷೆಗೆ ಮುಂಚೆ, ಸೂತ್ರವನ್ನು ನೋಟಿಸ್ ಬೋರ್ಡಿಗೆ ಹಚ್ಚುತ್ತೇವೆ. ಸಾಮಾನ್ಯವಾಗಿ ಸಮವಾಗಿ ಹಿಗ್ಗಿಸುತ್ತೇವೆ. ರದ್ದಾದ ಟೆಸ್ಟಿನ ಪಾಠಗಳು ವಾರ್ಷಿಕ ಪರೀಕ್ಷೆಯಲ್ಲಿ ಮಾತ್ರ ಬರುವುದಿದ್ದರೆ ಅಂಕವನ್ನು ಅಲ್ಲಿಗೇ ಸೇರಿಸುತ್ತೇವೆ. ನಿಮ್ಮ ಮಕ್ಕಳ ಶಾಲೆಯಲ್ಲೂ ಹೀಗಾದರೆ ಎರಡೇ ಮಾತು ಕೇಳಿರಿ: ಆ ಅಂಕ ಎಲ್ಲಿಗೆ ಸೇರಿತು? ಹಾಗಂತ ಯಾವಾಗ ತೀರ್ಮಾನಿಸಿದಿರಿ?