ಮೂರು ಗೆರೆಗಳು ಒಂದೆಡೆ ಸೇರದಿದ್ದರೆ

2 ಮಿಲಿಮೀಟರಿನ ಜರಡಿಯಿಂದ ಇಳಿದ ಮಣ್ಣಿನಲ್ಲಿ ಮೂರು ಬಗೆಯ ಕಣಗಳಿರುತ್ತವೆ: ಮರಳು, ಅದಕ್ಕಿಂತ ನಯವಾದ ರೇವೆ, ಎಲ್ಲಕ್ಕೂ ಸೂಕ್ಷ್ಮವಾದ ಜೇಡಿ. ಇವುಗಳ ಶೇಕಡಾ ಪ್ರಮಾಣಗಳಿಂದ ಮಣ್ಣಿನ ವರ್ಗವನ್ನು ನಿರ್ಣಯಿಸಲು ಅಮೆರಿಕದ ಕೃಷಿ ಇಲಾಖೆಯ ತ್ರಿಕೋನವು ಬಳಕೆಯಲ್ಲಿದೆ. ಅದರ ಒಂದೊಂದು ಭುಜವೂ ಒಂದೊಂದು ಬಗೆಯ ಕಣಕ್ಕೆ ಅಳತೆಗೋಲು. ಮೊತ್ತವು 100 ಆಗಿದ್ದರೆ ಮೂರು ಗೆರೆಗಳೂ ಒಂದೇ ಬಿಂದುವಿನಲ್ಲಿ ಸೇರುವುವು. ಎರಡನ್ನು ಎಳೆದರೆ ಮೂರನೆಯದರ ಅಗತ್ಯವೇ ಇಲ್ಲ.

ಮೂರು ಕಣಗಳನ್ನೂ ಬೇರೆಬೇರೆಯಾಗಿ ಅಳೆದಾಗ ಮರಳು 42, ರೇವೆ 26, ಜೇಡಿ 26 ಎಂದು ಬಂದಿತೆನ್ನೋಣ. ಮೊತ್ತ 94. ಈಗ ಮರಳು ಮತ್ತು ಜೇಡಿಯ ಗೆರೆಗಳನ್ನು ಮಾತ್ರ ಎಳೆದರೆ ರೇವೆಯು ತಾನಾಗಿ 32 ಆಗಿ, ಮಣ್ಣು ‘ಗೋಡು’ ಎನಿಸುವುದು. ಮರಳು ಮತ್ತು ರೇವೆಯನ್ನು ಹಿಡಿದರೆ ಜೇಡಿಯು 32 ಆಗಿ ‘ಜೇಡಿಗೋಡು’. ರೇವೆ ಮತ್ತು ಜೇಡಿಯನ್ನು ಹಿಡಿದರೆ ಮರಳು 48 ಆಗಿ ‘ಮರಳು ಜೇಡಿಗೋಡು’. ಒಂದೇ ಮಣ್ಣಿಗೆ ಮೂರು ಹೆಸರು! ಕೊರತೆಯಾದ 6 ಅಂಶವನ್ನು ನಾವು ಅರಿಯದೆಯೇ ಎಳೆಯದೆ ಬಿಟ್ಟ ಕಣದ ತಲೆಗೆ ಕಟ್ಟಿದುದೇ ಇದಕ್ಕೆ ಕಾರಣ.

ಪ್ರತಿಯೊಂದನ್ನೂ 94ರಿಂದ ಭಾಗಿಸಿ 100ರಿಂದ ಗುಣಿಸುವುದು ವಾಡಿಕೆಯ ಪರಿಹಾರ. ಆಗ ಮರಳು 44.7, ರೇವೆ ಮತ್ತು ಜೇಡಿ ತಲಾ 27.7 ಆಗುತ್ತವೆ, ವರ್ಗ ಜೇಡಿಗೋಡು. ಆದರೆ ಈ ಬಿಂದುವು ಗಡಿಯ ಅಂಚಿನಲ್ಲಿಯೇ ಇದೆ: ಜೇಡಿಗೋಡಿನಲ್ಲಿ ಜೇಡಿಯು 27ಕ್ಕಿಂತ ಕಡಿಮೆಯಿರಬಾರದು, ಮರಳು 45ನ್ನು ಮೀರಬಾರದು.

ಈ ಭಾಗಾಕಾರವು ಎಲ್ಲ ಸಂದರ್ಭಕ್ಕೂ ಸಲ್ಲದು. ಮೊದಲು ತೂಗಿದ 100 ಗ್ರಾಮಿನಲ್ಲಿ 6 ಗ್ರಾಂ ಜಲ್ಲಿಯೋ, ಶುದ್ಧೀಕರಣದಲ್ಲಿ ಕರಗಿಹೋದ ಸಾವಯವ ಪದಾರ್ಥವೋ ಇದ್ದಿದ್ದರೆ, ತಪ್ಪಿರುವುದು ಭಾಜಕ ಮಾತ್ರ. ಆಗ 94ರಿಂದ ಭಾಗಿಸುವುದೇ ನ್ಯಾಯ. ಜರಡಿ ಹಿಡಿಯುವಾಗ ಮರಳು ಚೆಲ್ಲಿದ್ದರೆ ಕೊರತೆಯು ಮರಳಿನದೇ. ಅದನ್ನು ಮೂವರಿಗೆ ಹಂಚಲಾಗದು.

ಮೊತ್ತವು 100ನ್ನು ಮೀರುವುದೂ ಉಂಟು. 10 ಗ್ರಾಂ ಮಣ್ಣನ್ನು ಒಂದು ಲೀಟರ್ ನೀರಿನಲ್ಲಿ ಬಿಡಿಸಲು ಅರ್ಧ ಗ್ರಾಂ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಹಾಕಿ, ಪಿಪೆಟ್ಟಿನಿಂದ ತೆಗೆದ ದ್ರವವನ್ನು ಒಣಗಿಸಿ ತೂಗುವಾಗ ಆ ಲವಣವನ್ನು ಕಳೆಯದಿದ್ದರೆ ಮೊತ್ತವು 105 ಆಗುವುದು. ಹೆಚ್ಚುವರಿ 5 ಅಂಶವೂ ಜೇಡಿಯಲ್ಲಿಯೇ ಅಡಗಿರುತ್ತದೆ. ಅದನ್ನು ಜೇಡಿಯಿಂದಲೇ ಕಳೆಯಬೇಕು. 99 ಅಥವಾ 101 ಬಂದರೆ ಅದು ಬಹುಶಃ ದಶಾಂಶ ಬಿಟ್ಟುದರ ಫಲ, ಚಿಂತೆಗೆ ಕಾರಣವಿಲ್ಲ.

ಮೊತ್ತವು ಸರಿಯಾಗಿ 100 ಬಂದಿತೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಅನೇಕರು ರೇವೆಯನ್ನು ಅಳೆಯುವುದೇ ಇಲ್ಲ; ಉಳಿದೆರಡನ್ನು 100ರಿಂದ ಕಳೆದು ಬರೆಯುತ್ತಾರೆ. ಅಲ್ಲಿ ಯಾವ ತಪ್ಪೂ ಮೊತ್ತದಲ್ಲಿ ಕಾಣದು. ಜೇಡಿಯ ಕಣಗಳು ಬಿಡಿಬಿಡಿಯಾಗದೆ ಅಂಟಿಕೊಂಡಿದ್ದರೆ ರೇವೆಯಂತೆ ಬೇಗನೆ ತಳಕ್ಕಿಳಿದು ಅದರ ಲೆಕ್ಕಕ್ಕೆ ಸೇರುತ್ತವೆ. ಜೇಡಿ ಕಡಿಮೆಯೆಂದು ವರದಿಯಿದ್ದೂ, ಒದ್ದೆ ಮಣ್ಣನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿದಾಗ ಅದು ಉದ್ದನೆಯ ಪಟ್ಟಿಯಾಗಿ ಹರಿಯದೆ ಬಂದರೆ, ಮಣ್ಣನ್ನು ಮತ್ತೆ ಬಿಡಿಸಿ ಅಳೆಯಬೇಕು.